ಸಭೆ ಸೇರದೆ ಅಂಗೀಕರಿಸಿದ ಠರಾವು: ದಿನಾಂಕ ಯಾವುದು, ದಾಖಲೆ ಹೇಗೆ?

2020ರ ಮಾರ್ಚ್ 25ರಿಂದ ದೇಶಾದ್ಯಂತ ಲಾಕ್‌ಡೌನ್ ಜಾರಿಯಾದಾಗ ರಾಯಚೂರು ಜಿಲ್ಲೆಯ ಖಾಸಗಿ ನಿಯಮಿತ ಕಂಪನಿಗಳು ಒಂದು ವಿಚಿತ್ರ ತೊಡಕನ್ನು ಎದುರಿಸಬೇಕಾಯಿತು. ಇಲ್ಲಿನ ಜಿನ್ನಿಂಗ್ ಕಾರ್ಖಾನೆ, ಅಕ್ಕಿ ಗಿರಣಿ, ಬೇಳೆ ಗಿರಣಿಗಳ ನಿರ್ದೇಶಕರೆಲ್ಲ ಒಂದೇ ಊರಿನಲ್ಲಿ ವಾಸಿಸುವವರಲ್ಲ. ಕಾರ್ಖಾನೆ ಮತ್ತು ಬ್ಯಾಂಕು ರಾಯಚೂರಿನಲ್ಲಿದ್ದರೆ, ಹತ್ತಿ ಖರೀದಿ ನೋಡಿಕೊಳ್ಳುವ ನಿರ್ದೇಶಕರು ದೇವದುರ್ಗದಲ್ಲಿಯೂ, ಭತ್ತದ ವ್ಯವಹಾರದ ಪಾಲುದಾರರು ಮಾನ್ವಿಯಲ್ಲಿಯೂ ಇರುವುದು ಸಾಮಾನ್ಯ. ರಸ್ತೆಗಳು ಮುಚ್ಚಿದವು, ಸಭೆ ಸೇರಲು ಸಾಧ್ಯವಾಗಲಿಲ್ಲ. ಆದರೆ ಕೂಲಿ ಬಟವಾಡೆ, ವಿದ್ಯುತ್ ಬಿಲ್ಲು, ಬ್ಯಾಂಕಿನ ಕಾಗದಪತ್ರಗಳು ಕಾಯುವಂತಿರಲಿಲ್ಲ. 2009ರ ಅಕ್ಟೋಬರ್‌ನಲ್ಲಿ ಕೃಷ್ಣೆ ಮತ್ತು ತುಂಗಭದ್ರೆಯ ನೆರೆ ಬಂದಾಗಲೂ ಈ ಭಾಗದ ಸಂಚಾರ ಹೀಗೆಯೇ ಅಸ್ತವ್ಯಸ್ತಗೊಂಡಿತ್ತು. ಆದ್ದರಿಂದ ಇದು ಒಂದೇ ವರ್ಷಕ್ಕೆ ಮುಗಿದ ವಿಷಯವಲ್ಲ.

ಇಂಥ ಸಂದರ್ಭಕ್ಕಾಗಿಯೇ ಕಾಯಿದೆಯು ಒಂದು ದಾರಿಯನ್ನು ತೆರೆದಿಟ್ಟಿದೆ. ಠರಾವಿನ ಕರಡನ್ನು ಎಲ್ಲ ನಿರ್ದೇಶಕರಿಗೂ ಕಳುಹಿಸಿ, ಅವರ ಲಿಖಿತ ಒಪ್ಪಿಗೆ ಪಡೆದು, ಸಭೆ ಸೇರದೆಯೇ ಠರಾವನ್ನು ಅಂಗೀಕರಿಸುವುದೇ ಆ ದಾರಿ. ಇದನ್ನು ‘ಸುತ್ತೋಲೆ ಮೂಲಕ ಠರಾವು’ ಎನ್ನಲಾಗುತ್ತದೆ. ಈ ಸೌಲಭ್ಯ ಇದೆ ಎಂಬುದು ಬಹುತೇಕ ಉದ್ಯಮಿಗಳಿಗೆ ಗೊತ್ತು. ಆದರೆ ಅಂಥ ಠರಾವು ಯಾವ ದಿನ ಅಂಗೀಕಾರವಾಯಿತು ಮತ್ತು ಅದನ್ನು ನಡಾವಳಿ ಪುಸ್ತಕದಲ್ಲಿ ಹೇಗೆ ನಮೂದಿಸಬೇಕು ಎಂಬ ಎರಡು ಪ್ರಶ್ನೆಗಳಲ್ಲಿಯೇ ಹೆಚ್ಚಿನ ತಪ್ಪುಗಳು ಆಗುತ್ತವೆ. ಪ್ರಸ್ತುತ ಲೇಖನದಲ್ಲಿ ಮುಖ್ಯವಾಗಿ ಈ ಎರಡನ್ನೇ ವಿವರಿಸಲಾಗಿದೆ.

ಕಾಯಿದೆಯ ನಿಬಂಧನೆ

ಕಂಪನಿ ಕಾಯಿದೆ 2013ರ ಕಲಂ 175 ಈ ವಿಷಯಕ್ಕೆ ಸಂಬಂಧಿಸಿದೆ. ಅದರಂತೆ ಠರಾವಿನ ಕರಡನ್ನು ಅಗತ್ಯ ಕಾಗದಪತ್ರಗಳೊಡನೆ ಎಲ್ಲ ನಿರ್ದೇಶಕರಿಗೂ ಕಳುಹಿಸಬೇಕು. ಕಂಪನಿಯಲ್ಲಿ ನೋಂದಾಯಿಸಿದ ಭಾರತದ ವಿಳಾಸಕ್ಕೆ ಕೈಯಾರೆ, ಅಂಚೆಯಲ್ಲಿ ಅಥವಾ ಕೊರಿಯರ್‌ನಲ್ಲಿ ಕಳುಹಿಸಬಹುದು. ಇಮೇಲ್ ಮತ್ತು ಫ್ಯಾಕ್ಸ್‌ಗೂ ನಿಯಮಗಳಲ್ಲಿ ಅವಕಾಶವಿದೆ. ಮತ ನೀಡಲು ಅರ್ಹರಾದ ನಿರ್ದೇಶಕರಲ್ಲಿ ಬಹುಮತದವರು ಒಪ್ಪಿದರೆ ಠರಾವು ಅಂಗೀಕಾರವಾಗುತ್ತದೆ. ಆದರೆ ಒಟ್ಟು ನಿರ್ದೇಶಕರಲ್ಲಿ ಮೂರನೆಯ ಒಂದು ಭಾಗಕ್ಕೆ ಕಡಿಮೆಯಿಲ್ಲದಷ್ಟು ಮಂದಿ ‘ಇದನ್ನು ಸಭೆಯಲ್ಲಿಯೇ ತೀರ್ಮಾನಿಸಬೇಕು’ ಎಂದು ಕೇಳಿದರೆ, ಅಧ್ಯಕ್ಷರು ವಿಷಯವನ್ನು ಸಭೆಯ ಮುಂದೆ ಇಡಲೇಬೇಕು. ಅಂಗೀಕೃತ ಠರಾವನ್ನು ಮುಂದಿನ ಸಭೆಯಲ್ಲಿ ನಮೂದಿಸಿ, ಆ ಸಭೆಯ ನಡಾವಳಿಯ ಭಾಗವನ್ನಾಗಿ ಮಾಡಬೇಕು.

ಹಳೆಯ 1956ರ ಕಾಯಿದೆಯ ಕಲಂ 289ರಲ್ಲಿ ಆ ಸಮಯಕ್ಕೆ ಭಾರತದಲ್ಲಿರುವ ನಿರ್ದೇಶಕರ ಒಪ್ಪಿಗೆಯನ್ನಷ್ಟೇ ಲೆಕ್ಕಕ್ಕೆ ಹಿಡಿಯಲಾಗುತ್ತಿತ್ತು. ಈಗ ಹಾಗಿಲ್ಲ. ಮಗನೋ ಅಳಿಯನೋ ವಿದೇಶದಲ್ಲಿದ್ದು ಕಂಪನಿಯ ನಿರ್ದೇಶಕನಾಗಿದ್ದರೆ ಅವನಿಗೂ ಕರಡು ಹೋಗಬೇಕು, ಅವನನ್ನೂ ಎಣಿಕೆಯಲ್ಲಿ ಸೇರಿಸಬೇಕು. ಅನುಕೂಲವಾಗಿ ಮತ ನೀಡುವವರಿಗೆ ಮಾತ್ರ ಕರಡು ಕಳುಹಿಸಿ ಬಹುಮತ ತೋರಿಸಿದರೆ ಆ ಠರಾವು ಕಾಯಿದೆಯ ದೃಷ್ಟಿಯಲ್ಲಿ ಅಂಗೀಕಾರವೇ ಆಗಿಲ್ಲ.

ಕಾರ್ಯವಿಧಾನದ ವಿವರಗಳು ಭಾರತೀಯ ಕಂಪನಿ ಕಾರ್ಯದರ್ಶಿಗಳ ಸಂಸ್ಥೆಯು ಹೊರಡಿಸಿದ ‘ಎಸ್‌ಎಸ್-1’ ಎಂಬ ಮಾನಕದಲ್ಲಿವೆ. ಇದು 2015ರ ಜುಲೈ 1ರಿಂದ ಜಾರಿಯಲ್ಲಿದ್ದು, ನಂತರ 2017 ಮತ್ತು 2024ರಲ್ಲಿ ಪರಿಷ್ಕೃತವಾಗಿದೆ. ಕಲಂ 118ರ ಮೂಲಕ ಇದರ ಪಾಲನೆ ಕಡ್ಡಾಯವಾಗಿದ್ದು, ಸಣ್ಣ ಖಾಸಗಿ ಕಂಪನಿಗಳಿಗೂ ಅನ್ವಯಿಸುತ್ತದೆ.

ಯಾವ ವಿಷಯಕ್ಕೆ ಈ ದಾರಿ ಇಲ್ಲ?

ಕರಡು ಬರೆಯುವ ಮುನ್ನವೇ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು. ಕಲಂ 179(3) ಕೆಲವು ಅಧಿಕಾರಗಳನ್ನು ನಿರ್ದೇಶಕ ಮಂಡಳಿಯು ಸಭೆಯಲ್ಲಿಯೇ ಚಲಾಯಿಸಬೇಕೆಂದು ವಿಧಿಸಿದೆ. ಷೇರು ನೀಡಿಕೆ, ಸಾಲ ಎತ್ತುವುದು, ಕಂಪನಿಯ ಹಣ ಹೂಡುವುದು, ಸಾಲ ಅಥವಾ ಜಾಮೀನು ನೀಡುವುದು, ವಾರ್ಷಿಕ ಲೆಕ್ಕಪತ್ರಗಳನ್ನು ಅನುಮೋದಿಸುವುದು ಇವುಗಳಲ್ಲಿ ಮುಖ್ಯವಾದವು.

ಸಣ್ಣ ಉದ್ಯಮಿಗಳು ಎಡವುವುದು ಸಾಲದ ವಿಷಯದಲ್ಲಿ. ಬ್ಯಾಂಕಿನ ಕ್ಯಾಶ್ ಕ್ರೆಡಿಟ್ ಮಿತಿಯನ್ನು ಹೆಚ್ಚಿಸಿಕೊಳ್ಳುವುದು ದಿನನಿತ್ಯದ ವ್ಯವಹಾರವೆಂದು ಅನೇಕರು ಭಾವಿಸುತ್ತಾರೆ. ಆದರೆ ಬ್ಯಾಂಕಿನೊಡನೆ ಓವರ್‌ಡ್ರಾಫ್ಟ್ ಅಥವಾ ಕ್ಯಾಶ್ ಕ್ರೆಡಿಟ್ ಒಪ್ಪಂದ ಮಾಡಿಕೊಳ್ಳುವುದೇ ‘ಸಾಲ ಎತ್ತುವುದು’ ಎಂದು ಅದೇ ಕಲಮಿನ ವಿವರಣೆ ಹೇಳುತ್ತದೆ. ಒಪ್ಪಂದದ ನಂತರ ಆ ಖಾತೆಯಿಂದ ಪ್ರತಿದಿನ ಹಣ ತೆಗೆಯುವುದು, ಕಟ್ಟುವುದು ಮಾತ್ರ ಇದರಿಂದ ಹೊರಗಿದೆ. ಆದ್ದರಿಂದ ಹತ್ತಿ ಹಂಗಾಮಿಗಾಗಿ ಮಿತಿಯನ್ನು ಏರಿಸುವ ಠರಾವು ಸುತ್ತೋಲೆಯಲ್ಲಿ ನಡೆಯದು. ಅದಕ್ಕೆ ಸಭೆ ಬೇಕು. ಇಲ್ಲವೆ, ಮೊದಲೇ ಒಂದು ಸಭೆಯಲ್ಲಿ ಸಾಲ ಎತ್ತುವ ಅಧಿಕಾರವನ್ನು ನಿರ್ದಿಷ್ಟ ಮಿತಿಯೊಳಗೆ ವ್ಯವಸ್ಥಾಪಕ ನಿರ್ದೇಶಕರಿಗೆ ಅಥವಾ ಸಮಿತಿಗೆ ವಹಿಸಿಕೊಟ್ಟಿರಬೇಕು.

ಆ ಸಭೆಯನ್ನು ವಿಡಿಯೊ ಮೂಲಕವೂ ನಡೆಸಬಹುದು. ಕಲಂ 173ರ ಪ್ರಕಾರ ವಿಡಿಯೊ ಸಭೆಯೂ ಸಭೆಯೇ. ಹಿಂದೆ ಲೆಕ್ಕಪತ್ರಗಳ ಅನುಮೋದನೆಯಂಥ ಕೆಲವು ವಿಷಯಗಳಿಗೆ ವಿಡಿಯೊ ಸಭೆಯಲ್ಲಿ ನಿರ್ಬಂಧವಿತ್ತು. ಅದನ್ನು 2020ರ ಮಾರ್ಚ್‌ನಲ್ಲಿ ತಾತ್ಕಾಲಿಕವಾಗಿ ಸಡಿಲಿಸಿ, 2021ರ ಜೂನ್ 15ರಂದು ಆ ನಿಯಮವನ್ನೇ ಕೈಬಿಡಲಾಯಿತು. ವಿಡಿಯೊದಲ್ಲಿ ಎಲ್ಲರೂ ಒಂದೇ ಹೊತ್ತಿಗೆ ಕೂತು ಚರ್ಚಿಸುತ್ತಾರೆ. ಸುತ್ತೋಲೆಯಲ್ಲಿ ಚರ್ಚೆಯೇ ಇಲ್ಲ. ಕಾಯಿದೆ ಇವೆರಡನ್ನೂ ಬೇರೆಬೇರೆಯಾಗಿ ಕಾಣುವುದು ಈ ಕಾರಣಕ್ಕಾಗಿ.

ಒಂದು ಉದಾಹರಣೆ

ರಾಯಚೂರಿನಲ್ಲಿ ಜಿನ್ನಿಂಗ್ ಕಾರ್ಖಾನೆಯುಳ್ಳ ಒಂದು ಖಾಸಗಿ ನಿಯಮಿತ ಕಂಪನಿಯನ್ನು ಕಲ್ಪಿಸಿಕೊಳ್ಳೋಣ. ಅದಕ್ಕೆ ಐವರು ನಿರ್ದೇಶಕರು. ಅಧ್ಯಕ್ಷರೂ ಇನ್ನೊಬ್ಬ ನಿರ್ದೇಶಕರೂ ರಾಯಚೂರಿನವರು, ಅಣ್ಣತಮ್ಮಂದಿರಾದ ಇಬ್ಬರು ದೇವದುರ್ಗದವರು, ಒಬ್ಬರು ಮಾನ್ವಿಯವರು. ಬ್ಯಾಂಕ್ ಖಾತೆಯ ಚೆಕ್ಕುಗಳಿಗೆ ಅಧ್ಯಕ್ಷರು ಮತ್ತು ದೇವದುರ್ಗದ ಅಣ್ಣ ಜಂಟಿಯಾಗಿ ರುಜು ಮಾಡಬೇಕೆಂಬ ಏರ್ಪಾಡಿದೆ. 2020ರ ಏಪ್ರಿಲ್ ಮೊದಲ ವಾರ ದೇವದುರ್ಗದಿಂದ ರಾಯಚೂರಿಗೆ ಬರುವಂತಿಲ್ಲ, ಕಾರ್ಮಿಕರ ಮಾರ್ಚ್ ತಿಂಗಳ ಸಂಬಳದ ಚೆಕ್ಕು ಹೊರಡಬೇಕು. ಅಣ್ಣನ ಬದಲಿಗೆ ರಾಯಚೂರಿನ ಎರಡನೆಯ ನಿರ್ದೇಶಕರಿಗೆ ರುಜು ಮಾಡುವ ಅಧಿಕಾರ ಕೊಡಬೇಕಾಗಿದೆ.

ರುಜುದಾರರ ಬದಲಾವಣೆಯು ಹೊಸ ಸಾಲವೂ ಅಲ್ಲ, ಹೂಡಿಕೆಯೂ ಅಲ್ಲ. ಆದ್ದರಿಂದ ಇದಕ್ಕೆ ಸುತ್ತೋಲೆಯ ದಾರಿ ತೆರೆದಿದೆ. ಹೀಗೆ ಮಾಡಬಹುದೆಂಬ ನಿರ್ಧಾರವನ್ನು ಮೊದಲು ಅಧ್ಯಕ್ಷರು ಕೈಗೊಳ್ಳಬೇಕು. ನಂತರ ಏಪ್ರಿಲ್ 2ರಂದು, ಒಂದೇ ದಿನ, ಐವರಿಗೂ ಅವರ ನೋಂದಾಯಿತ ಇಮೇಲ್ ವಿಳಾಸಕ್ಕೆ ಕರಡು ಹೋಗುತ್ತದೆ. ಅದರೊಡನೆ ಒಂದು ಟಿಪ್ಪಣಿ ಇರುತ್ತದೆ. ಪ್ರಸ್ತಾವದ ಹಿನ್ನೆಲೆ ಏನು, ಯಾವ ನಿರ್ದೇಶಕರಿಗಾದರೂ ಇದರಲ್ಲಿ ಸ್ವಂತ ಹಿತಾಸಕ್ತಿ ಇದೆಯೇ, ಒಪ್ಪಿಗೆ ಅಥವಾ ಅಸಮ್ಮತಿಯನ್ನು ಹೇಗೆ ತಿಳಿಸಬೇಕು, ಕೊನೆಯ ದಿನಾಂಕ ಯಾವುದು ಎಂಬುದನ್ನು ಟಿಪ್ಪಣಿ ಹೇಳಬೇಕು. ಉತ್ತರಕ್ಕೆ ಏಳು ದಿನಗಳಿಗಿಂತ ಹೆಚ್ಚು ಅವಕಾಶ ಕೊಡುವಂತಿಲ್ಲ. ಅಂಚೆ ಅಥವಾ ಕೊರಿಯರ್‌ನಲ್ಲಿ ಕಳುಹಿಸಿದರೆ ಎರಡು ದಿನ ಸೇರಿಸಬೇಕು. ಇಲ್ಲಿ ಇಮೇಲ್ ಬಳಸಿರುವುದರಿಂದ ಏಪ್ರಿಲ್ 9 ಕೊನೆಯ ದಿನ. ಠರಾವಿಗೆ ಕ್ರಮಸಂಖ್ಯೆ ಬೇಕು. ಇದನ್ನು 1/2020-21 ಎನ್ನೋಣ.

ಕರಡು ಠರಾವು ಸರಳವಾಗಿರಲಿ: “ಕಂಪನಿಯ ಚಾಲ್ತಿ ಖಾತೆಯ ಚೆಕ್ಕುಗಳಿಗೆ ದೇವದುರ್ಗದ ಹಿರಿಯ ನಿರ್ದೇಶಕರ ಬದಲಾಗಿ ರಾಯಚೂರಿನ ಎರಡನೆಯ ನಿರ್ದೇಶಕರು ಅಧ್ಯಕ್ಷರೊಡನೆ ಜಂಟಿಯಾಗಿ ರುಜು ಮಾಡಲು ಈ ಮೂಲಕ ಅಧಿಕಾರ ನೀಡಲಾಗಿದೆ. ಮಂಡಳಿಯು ಬೇರೆ ರೀತಿ ತೀರ್ಮಾನಿಸುವವರೆಗೆ ಈ ಅಧಿಕಾರ ಜಾರಿಯಲ್ಲಿರತಕ್ಕದ್ದು.” ನಿಜವಾದ ಠರಾವಿನಲ್ಲಿ ಹೆಸರುಗಳು, ಖಾತೆಯ ಸಂಖ್ಯೆ ಮತ್ತು ಶಾಖೆ ಇರಬೇಕು. ಎರಡು ವಿಷಯಗಳಿದ್ದರೆ ಎರಡು ಪ್ರತ್ಯೇಕ ಠರಾವುಗಳನ್ನು ಬರೆದು, ಪ್ರತಿಯೊಂದಕ್ಕೂ ಪ್ರತ್ಯೇಕ ಉತ್ತರ ಪಡೆಯಬೇಕು.

ಅಂಗೀಕಾರದ ದಿನಾಂಕ ಯಾವುದು?

ಉತ್ತರಗಳು ಹೀಗೆ ಬಂದವೆಂದು ಭಾವಿಸೋಣ. ಏಪ್ರಿಲ್ 3ರಂದು ಅಧ್ಯಕ್ಷರು ಮತ್ತು ರಾಯಚೂರಿನ ಎರಡನೆಯ ನಿರ್ದೇಶಕರು ಒಪ್ಪಿದರು. ಏಪ್ರಿಲ್ 4ರಂದು ಮಾನ್ವಿಯಿಂದ ಒಪ್ಪಿಗೆ ಬಂದಿತು. ಏಪ್ರಿಲ್ 6ರಂದು ದೇವದುರ್ಗದ ಅಣ್ಣ ಒಪ್ಪಿದರು. ಏಪ್ರಿಲ್ 8ರಂದು ತಮ್ಮ ಅಸಮ್ಮತಿ ಸೂಚಿಸಿದರು. ಚೆಕ್ಕಿನ ಮೊತ್ತಕ್ಕೆ ಮಿತಿ ಇರಬೇಕಿತ್ತೆಂಬುದು ಅವರ ಆಕ್ಷೇಪ.

ಐವರಲ್ಲಿ ಮೂವರು ಎಂದರೆ ಬಹುಮತ. ಹಾಗಾದರೆ ಏಪ್ರಿಲ್ 4ರಂದೇ ಠರಾವು ಅಂಗೀಕಾರವಾಯಿತು ಎಂದು ಯಾರೂ ಹೇಳಿಯಾರು. ಅದು ತಪ್ಪು. ಬಹುಮತ ಬಂದ ದಿನವೇ ಅಂಗೀಕಾರದ ದಿನವಾಗಬೇಕಾದರೆ ಎಸ್‌ಎಸ್-1 ಇನ್ನೊಂದು ಷರತ್ತನ್ನು ವಿಧಿಸುತ್ತದೆ. ಅಂದು ಇನ್ನೂ ಉತ್ತರ ಕೊಡದವರು ಮತ್ತು ಸಭೆ ಬೇಕೆಂದು ಕೇಳಿದವರು ಸೇರಿ ಒಟ್ಟು ನಿರ್ದೇಶಕರ ಮೂರನೆಯ ಒಂದು ಭಾಗ ಅಥವಾ ಅದಕ್ಕಿಂತ ಹೆಚ್ಚು ಆಗಿರಬಾರದು. ಐವರ ಮೂರನೆಯ ಒಂದು ಭಾಗವೆಂದರೆ ಒಂದೂ ಮುಕ್ಕಾಲಿಗೆ ತುಸು ಕಡಿಮೆ, ಅಂದರೆ ಲೆಕ್ಕಕ್ಕೆ ಇಬ್ಬರು. ಏಪ್ರಿಲ್ 4ರಂದು ದೇವದುರ್ಗದ ಅಣ್ಣತಮ್ಮಂದಿರಿಬ್ಬರೂ ಉತ್ತರಿಸಿರಲಿಲ್ಲ. ಅವರಿಬ್ಬರೂ ಸೇರಿ ‘ಸಭೆ ಕರೆಯಿರಿ’ ಎಂದಿದ್ದರೆ ಠರಾವು ಅಲ್ಲಿಗೇ ನಿಲ್ಲುತ್ತಿತ್ತು. ಅವರ ಆ ಹಕ್ಕು ಜೀವಂತವಾಗಿರುವವರೆಗೆ ಅಂಗೀಕಾರವಾಯಿತೆಂದು ಹೇಳಲಾಗದು.

ಏಪ್ರಿಲ್ 6ರಂದು ಅಣ್ಣನ ಒಪ್ಪಿಗೆ ಬಂದಾಗ ಉತ್ತರಿಸದೆ ಉಳಿದವರು ಒಬ್ಬರೇ. ಅವರೊಬ್ಬರು ಕೇಳಿದರೂ ಮೂರನೆಯ ಒಂದು ಭಾಗ ಆಗದು. ಆದ್ದರಿಂದ ಅಂಗೀಕಾರದ ದಿನಾಂಕ 2020ರ ಏಪ್ರಿಲ್ 6. ಎರಡು ದಿನದ ಈ ಅಂತರ ಕಾಗದದ ಮೇಲಿನ ಸೂಕ್ಷ್ಮ ಮಾತ್ರವಲ್ಲ. ಏಪ್ರಿಲ್ 4ರಂದು ಹೊಸ ರುಜುದಾರರು ಚೆಕ್ಕಿಗೆ ರುಜು ಮಾಡಿದ್ದರೆ, ಅವರಿಗೆ ಇನ್ನೂ ದೊರೆಯದ ಅಧಿಕಾರವನ್ನು ಚಲಾಯಿಸಿದಂತಾಗುತ್ತಿತ್ತು. ಮುಂದೆ ಪಾಲುದಾರರ ನಡುವೆ ಮನಸ್ತಾಪ ಬಂದಾಗ ವಕೀಲರು ಮೊದಲು ಹುಡುಕುವುದು ಇಂಥ ದಿನಾಂಕಗಳನ್ನೇ.

ಇನ್ನೊಂದು ಸಾಧ್ಯತೆಯನ್ನೂ ನೋಡಬೇಕು. ಅಣ್ಣತಮ್ಮಂದಿರಿಬ್ಬರೂ ಕೊನೆಯವರೆಗೆ ಮೌನವಾಗಿದ್ದರೆ, ಕೊನೆಯ ದಿನವಾದ ಏಪ್ರಿಲ್ 9ರಂದು ಮೂವರ ಬಹುಮತದಿಂದ ಠರಾವು ಅಂಗೀಕಾರವಾಗುತ್ತಿತ್ತು. ಒಪ್ಪಿದವರು ಇಬ್ಬರೇ ಇದ್ದು ಉಳಿದ ಮೂವರು ಮೌನವಾಗಿದ್ದರೆ ಠರಾವು ಬಿದ್ದುಹೋದಂತೆಯೇ. ಬಹುಮತವನ್ನು ಉತ್ತರ ಕೊಟ್ಟವರ ಪೈಕಿ ಎಣಿಸುವುದಲ್ಲ, ಮತ ನೀಡಲು ಅರ್ಹರಾದ ಎಲ್ಲರ ಪೈಕಿ ಎಣಿಸಬೇಕು. ಸುತ್ತೋಲೆಯಲ್ಲಿ ಮೌನಂ ಸಮ್ಮತಿ ಲಕ್ಷಣಂ ಎಂಬ ಮಾತು ನಡೆಯುವುದಿಲ್ಲ. ಹಾಗೆಯೇ ಅಸಮ್ಮತಿ ಬೇರೆ, ಸಭೆಯ ಬೇಡಿಕೆ ಬೇರೆ. ತಮ್ಮ ‘ಒಪ್ಪುವುದಿಲ್ಲ’ ಎಂದು ಬರೆದುದು ವಿರುದ್ಧ ಮತವಾಯಿತೇ ಹೊರತು ಸಭೆ ಕರೆಯಲು ಮಾಡಿದ ಕೋರಿಕೆಯಾಗಲಿಲ್ಲ.

ಸಣ್ಣ ಮಂಡಳಿಗಳಲ್ಲಿ ಈ ಲೆಕ್ಕ ಇನ್ನೂ ಬಿಗಿಯಾಗುತ್ತದೆ. ಮೂವರು ನಿರ್ದೇಶಕರಿದ್ದರೆ ಇಬ್ಬರ ಒಪ್ಪಿಗೆ ಬಹುಮತವೇ; ಆದರೆ ಉತ್ತರಿಸದ ಒಬ್ಬರೇ ಸರಿಯಾಗಿ ಮೂರನೆಯ ಒಂದು ಭಾಗವಾಗುತ್ತಾರೆ. ಹೀಗಾಗಿ ಅವರ ಉತ್ತರ ಬರುವವರೆಗೆ ಅಥವಾ ಕೊನೆಯ ದಿನದವರೆಗೆ ಕಾಯಲೇಬೇಕು. ಗಂಡಹೆಂಡತಿ ಅಥವಾ ಅಣ್ಣತಮ್ಮ ಇಬ್ಬರೇ ನಿರ್ದೇಶಕರಾಗಿರುವ ಕಂಪನಿಯಲ್ಲಿ ಇಬ್ಬರೂ ಒಪ್ಪಿದರಷ್ಟೇ ಬಹುಮತ.

ಬ್ಯಾಂಕಿಗೆ ಕೊಡುವ ಪ್ರತಿ

ಏಪ್ರಿಲ್ 6ರಿಂದಲೇ ಠರಾವು ಜಾರಿಗೆ ಬರುತ್ತದೆ. ಮುಂದಿನ ಸಭೆಯವರೆಗೆ ಕಾಯಬೇಕಾದ ಅಗತ್ಯವಿಲ್ಲ. ದೃಢೀಕೃತ ಪ್ರತಿಯನ್ನು ಕೂಡಲೇ ಬ್ಯಾಂಕಿಗೆ ಸಲ್ಲಿಸಬಹುದು. ಆದರೆ ಬ್ಯಾಂಕುಗಳ ಮುದ್ರಿತ ನಮೂನೆಗಳಲ್ಲಿ ಸಾಮಾನ್ಯವಾಗಿ ‘ಇಂಥ ದಿನ ನಡೆದ ನಿರ್ದೇಶಕ ಮಂಡಳಿಯ ಸಭೆಯಲ್ಲಿ ಅಂಗೀಕರಿಸಿದ’ ಎಂಬ ಪದಗಳಿರುತ್ತವೆ. ಅವನ್ನು ಹಾಗೆಯೇ ಬಿಟ್ಟು ದಿನಾಂಕ ತುಂಬಿದರೆ ನಡೆಯದ ಸಭೆಯನ್ನು ನಡೆದಿದೆ ಎಂದು ದೃಢೀಕರಿಸಿದಂತೆ. ಆ ಸಾಲನ್ನು ಹೊಡೆದು ‘ಕಲಂ 175ರ ಪ್ರಕಾರ ಸುತ್ತೋಲೆ ಮೂಲಕ 6 ಏಪ್ರಿಲ್ 2020ರಂದು ಅಂಗೀಕರಿಸಿದ ಠರಾವು ಸಂಖ್ಯೆ 1/2020-21’ ಎಂದು ಬರೆಯಬೇಕು. ಶಾಖೆಯವರು ಒಪ್ಪದಿದ್ದರೆ ವಿಡಿಯೊ ಸಭೆ ಕರೆಯುವುದು ಲೇಸೇ ಹೊರತು ಸುಳ್ಳು ದೃಢೀಕರಣವಲ್ಲ.

ನಡಾವಳಿಯಲ್ಲಿ ನಮೂದು

ಈ ಕಂಪನಿಯ ಹಿಂದಿನ ಸಭೆ 2020ರ ಫೆಬ್ರುವರಿ 12ರಂದು ನಡೆದಿತ್ತೆಂದೂ, ಮುಂದಿನ ಸಭೆ ಜೂನ್ 22ರಂದು ರಾಯಚೂರಿನಲ್ಲಿ ಸೇರಿತೆಂದೂ ಇಟ್ಟುಕೊಳ್ಳೋಣ. ಎರಡು ಸಭೆಗಳ ನಡುವೆ 131 ದಿನಗಳಾದವು. ಸಾಮಾನ್ಯ ಮಿತಿ 120 ದಿನ. ಆದರೆ ಕಂಪನಿ ವ್ಯವಹಾರಗಳ ಸಚಿವಾಲಯವು 2020ರ ಮಾರ್ಚ್ 24ರ ಸುತ್ತೋಲೆಯಿಂದ ಅದನ್ನು ಆ ವರ್ಷದ ಸೆಪ್ಟೆಂಬರ್ 30ರವರೆಗೆ 60 ದಿನ ವಿಸ್ತರಿಸಿತ್ತು. ಏಪ್ರಿಲ್ 6ರ ಠರಾವನ್ನೇ ಒಂದು ಸಭೆ ಎಂದು ತೋರಿಸಿ ಅಂತರವನ್ನು ತುಂಬಿಕೊಳ್ಳಲು ಬರುವುದಿಲ್ಲ. ಸುತ್ತೋಲೆಯ ಠರಾವಿಗೆ ಸಭೆಯ ಠರಾವಿನಷ್ಟೇ ಬೆಲೆಯಿದ್ದರೂ ಅದು ಸಭೆಯ ಸಂಖ್ಯೆಗೆ ಸೇರುವುದಿಲ್ಲ.

ಜೂನ್ 22ರ ನಡಾವಳಿಯಲ್ಲಿ ನಮೂದು ಹೀಗಿರಬಹುದು: “ಸುತ್ತೋಲೆ ಮೂಲಕ ಅಂಗೀಕರಿಸಿದ ಠರಾವಿನ ನಮೂದು. 2 ಏಪ್ರಿಲ್ 2020ರಂದು ಎಲ್ಲ ಐವರು ನಿರ್ದೇಶಕರಿಗೆ ಇಮೇಲ್ ಮೂಲಕ ಕಳುಹಿಸಲಾದ ಮತ್ತು 6 ಏಪ್ರಿಲ್ 2020ರಂದು ಬಹುಮತದಿಂದ ಅಂಗೀಕಾರವಾದ ಠರಾವು ಸಂಖ್ಯೆ 1/2020-21ನ್ನು ಮಂಡಳಿಯು ಗಮನಿಸಿತು. ನಾಲ್ವರು ನಿರ್ದೇಶಕರು ಒಪ್ಪಿಗೆ ನೀಡಿದ್ದು, ದೇವದುರ್ಗದ ಕಿರಿಯ ನಿರ್ದೇಶಕರು 8 ಏಪ್ರಿಲ್ 2020ರಂದು ಅಸಮ್ಮತಿ ಸೂಚಿಸಿದ್ದಾರೆ. ಠರಾವಿನ ಪೂರ್ಣ ಪಾಠ ಈ ಕೆಳಗಿನಂತಿದೆ.” ಇದರ ಕೆಳಗೆ ಠರಾವನ್ನು ಅಕ್ಷರಶಃ ಬರೆಯಬೇಕು. ‘ಏಪ್ರಿಲ್‌ನ ಠರಾವನ್ನು ಅಂಗೀಕರಿಸಲಾಯಿತು’ ಎಂಬ ಒಂದೇ ಸಾಲು ಸಾಲದು. ‘ಅಂಗೀಕರಿಸಲಾಯಿತು’ ಎಂಬ ಪದವೂ ಇಲ್ಲಿ ಸಲ್ಲದು, ಏಕೆಂದರೆ ಜೂನ್ ಸಭೆಯು ಅದನ್ನು ಅಂಗೀಕರಿಸುತ್ತಿಲ್ಲ, ಅಂಗೀಕಾರವಾಗಿರುವುದನ್ನು ನಮೂದಿಸಿಕೊಳ್ಳುತ್ತಿದೆ.

ಅಸಮ್ಮತಿಯನ್ನು ಬಿಟ್ಟುಬಿಡುವ ಪ್ರವೃತ್ತಿ ಕುಟುಂಬದ ಕಂಪನಿಗಳಲ್ಲಿ ಸಹಜ. ಆದರೆ ಅಸಮ್ಮತಿಯ ದಾಖಲೆ ತಮ್ಮನಿಗೂ ರಕ್ಷಣೆ, ಕಂಪನಿಗೂ ರಕ್ಷಣೆ. ಕರಡು ಅವರಿಗೆ ತಲುಪಿತ್ತು ಮತ್ತು ಅವರು ಅದನ್ನು ಓದಿ ಉತ್ತರಿಸಿದ್ದರು ಎಂಬುದಕ್ಕೆ ಅದಕ್ಕಿಂತ ಉತ್ತಮ ಸಾಕ್ಷಿ ಇಲ್ಲ.

ಸಭೆ ಮುಗಿದ 15 ದಿನಗಳೊಳಗೆ, ಅಂದರೆ ಜುಲೈ 7ರೊಳಗೆ, ನಡಾವಳಿಯ ಕರಡನ್ನು ನಿರ್ದೇಶಕರಿಗೆ ಕಳುಹಿಸಬೇಕು. ಅಭಿಪ್ರಾಯಕ್ಕೆ ಅವರಿಗೆ ಏಳು ದಿನಗಳಿವೆ. 30 ದಿನಗಳೊಳಗೆ, ಅಂದರೆ ಜುಲೈ 22ರೊಳಗೆ, ಅದು ನಡಾವಳಿ ಪುಸ್ತಕದಲ್ಲಿ ಸೇರಿರಬೇಕು. ಕರಡು ಕಳುಹಿಸಿದ ಇಮೇಲ್, ಬಂದ ಉತ್ತರಗಳು, ತಲುಪಿದ ಪುರಾವೆ ಇವುಗಳನ್ನು ಸಭೆಯ ದಿನಾಂಕದಿಂದ ಕನಿಷ್ಠ ಮೂರು ವರ್ಷ ಕಾಯ್ದಿಡಬೇಕು. ನಡಾವಳಿಯನ್ನಾದರೋ ಶಾಶ್ವತವಾಗಿ ಕಾಪಾಡಬೇಕು. ಮೊಬೈಲ್ ಫೋನಿನಲ್ಲಿ ಮಾತ್ರ ಉಳಿದ ಸಂದೇಶಗಳು ಫೋನು ಬದಲಾದೊಡನೆ ಮಾಯವಾಗುತ್ತವೆ. ಆದ್ದರಿಂದ ನೋಂದಾಯಿತ ಇಮೇಲ್‌ನಲ್ಲಿಯೇ ವ್ಯವಹರಿಸಿ, ಮುದ್ರಿತ ಪ್ರತಿಯನ್ನು ಠರಾವಿನ ಕಡತದಲ್ಲಿ ಇಡುವುದು ಕ್ಷೇಮ.

ನಡೆಯದ ಸಭೆಯ ನಡಾವಳಿ

ಇಷ್ಟೆಲ್ಲ ಏಕೆ, ಏಪ್ರಿಲ್ 2ರಂದು ರಾಯಚೂರಿನಲ್ಲಿ ಸಭೆ ನಡೆಯಿತೆಂದು ಬರೆದು ನಂತರ ಎಲ್ಲರ ರುಜು ಪಡೆದರಾಯಿತು ಎಂಬ ವಾದವೂ ಕೇಳಿಬರುತ್ತದೆ. ಅಂಥ ನಡಾವಳಿ ಸುಲಭವಾಗಿ ಬಯಲಾಗುತ್ತದೆ. ಲಾಕ್‌ಡೌನ್‌ನ ಮಧ್ಯೆ ದೇವದುರ್ಗ ಮತ್ತು ಮಾನ್ವಿಯ ನಿರ್ದೇಶಕರು ರಾಯಚೂರಿನಲ್ಲಿ ಹಾಜರಿದ್ದರೆಂದು ಬರೆದ ಕಾಗದವನ್ನು ಅದರ ದಿನಾಂಕವೇ ಸುಳ್ಳಾಗಿಸುತ್ತದೆ. ಸಭೆಯ ನೋಟೀಸು ಹೋದ ಪುರಾವೆ ಇರುವುದಿಲ್ಲ, ಹಾಜರಿ ಪುಸ್ತಕದ ರುಜುಗಳು ಒಂದೇ ಶಾಯಿಯಲ್ಲಿರುತ್ತವೆ, ನಂತರದ ದಿನದ ಇಮೇಲ್‌ನಲ್ಲಿ ಒಬ್ಬರು ‘ನೋಡಿ ತಿಳಿಸುತ್ತೇನೆ’ ಎಂದು ಬರೆದಿರುತ್ತಾರೆ.

ನಡಾವಳಿ ಸರಿಯಾಗಿ ಇಡದಿದ್ದರೆ ಕಂಪನಿಗೆ 25,000 ರೂಪಾಯಿ, ಹೊಣೆಗಾರ ಅಧಿಕಾರಿಗೆ 5,000 ರೂಪಾಯಿ ದಂಡ. ನಡಾವಳಿಯನ್ನು ತಿದ್ದಿ ಕೆಡಿಸಿದ ತಪ್ಪು ಸಾಬೀತಾದರೆ ಎರಡು ವರ್ಷಗಳವರೆಗೆ ಸೆರೆವಾಸ ಮತ್ತು 25,000ದಿಂದ ಒಂದು ಲಕ್ಷ ರೂಪಾಯಿಯವರೆಗೆ ಜುಲ್ಮಾನೆ. ದಂಡಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಕಾಯಿದೆಯಂತೆ ಇಟ್ಟ ನಡಾವಳಿಯನ್ನು ಕಲಂ 118 ಸಾಕ್ಷ್ಯವೆಂದು ಮಾನ್ಯ ಮಾಡುತ್ತದೆ. ಒಂದು ಸಭೆ ಕಟ್ಟುಕಥೆಯೆಂದು ತೋರಿದರೆ ಅದೇ ಪುಸ್ತಕದ ಉಳಿದ ಪುಟಗಳ ಮೇಲೂ ಸಂದೇಹ ಹಬ್ಬುತ್ತದೆ.

ಷೇರುದಾರರು ಮತ್ತು ಪಾಲುದಾರಿಕೆ ಸಂಸ್ಥೆಗಳು

ಮೇಲಿನ ಕ್ರಮ ನಿರ್ದೇಶಕ ಮಂಡಳಿ ಮತ್ತು ಅದರ ಸಮಿತಿಗಳಿಗೆ ಮಾತ್ರ. ಷೇರುದಾರರ ಸಾಮಾನ್ಯ ಸಭೆಯ ಠರಾವನ್ನು ಹೀಗೆ ಸುತ್ತೋಲೆಯಲ್ಲಿ ಅಂಗೀಕರಿಸಲಾಗದು. ಅವರಿಗೆ ಕಲಂ 110ರ ಅಂಚೆ ಮತದಾನದ ಬೇರೆಯೇ ವಿಧಾನವಿದೆ. ಪಾಲುದಾರಿಕೆ ಸಂಸ್ಥೆಗಳಿಗೆ 1932ರ ಪಾಲುದಾರಿಕೆ ಕಾಯಿದೆಯ ಕಲಂ 12 ಅನ್ವಯಿಸುತ್ತದೆ. ಕರಾರಿನಲ್ಲಿ ಬೇರೆ ಷರತ್ತಿಲ್ಲದಿದ್ದರೆ ಸಾಧಾರಣ ವಿಷಯಗಳನ್ನು ಬಹುಮತದಿಂದ ತೀರ್ಮಾನಿಸಬಹುದು, ಆದರೆ ತೀರ್ಮಾನಕ್ಕೆ ಮುನ್ನ ಪ್ರತಿ ಪಾಲುದಾರನಿಗೂ ಅಭಿಪ್ರಾಯ ಹೇಳುವ ಹಕ್ಕಿದೆ. ಸೀಮಿತ ಹೊಣೆಗಾರಿಕೆಯ ಪಾಲುದಾರಿಕೆಗಳಲ್ಲಿ, ಕರಾರು ಬೇರೆ ಹೇಳದಿದ್ದರೆ, ತೀರ್ಮಾನವನ್ನು 30 ದಿನಗಳೊಳಗೆ ನಡಾವಳಿಯಲ್ಲಿ ಬರೆದಿಡಬೇಕು.

ಕಂಪನಿಗಳ ಮಟ್ಟಿಗೆ ಹೇಳುವುದಾದರೆ, ಇಂದೇ ಮಾಡಿಡಬಹುದಾದ ಕೆಲಸವೊಂದಿದೆ. ಮುಂದಿನ ಮಂಡಳಿ ಸಭೆಯಲ್ಲಿಯೇ ಪ್ರತಿ ನಿರ್ದೇಶಕರ ಅಂಚೆ ವಿಳಾಸ ಮತ್ತು ಇಮೇಲ್ ವಿಳಾಸವನ್ನು ಲಿಖಿತವಾಗಿ ಪಡೆದು ದಾಖಲಿಸಿಕೊಳ್ಳಬೇಕು, ಮತ್ತು ಸಾಲ ಎತ್ತುವ ಅಧಿಕಾರವನ್ನು ಒಂದು ಮಿತಿಯೊಳಗೆ ಯಾರಿಗಾದರೂ ವಹಿಸಬೇಕೆ ಎಂಬುದನ್ನು ಅಲ್ಲಿಯೇ ತೀರ್ಮಾನಿಸಬೇಕು. ಏಕೆಂದರೆ ರಸ್ತೆ ಮುಚ್ಚಿದ ಮೇಲೆ ಈ ಎರಡನೆಯ ಅಧಿಕಾರವನ್ನು ಸುತ್ತೋಲೆಯಿಂದ ಕೊಡಲು ಬರುವುದಿಲ್ಲ.